ಬೆರಳಿಟ್ಟು ತೋರಿಸುವ ಪ್ರಶ್ನೆ, ಎರಡು ಟೇಬಲ್ ಕೇಳುವ ಪ್ರಶ್ನೆ

ಬೆಳಗಾವಿಯಲ್ಲಿ ಎಂ.ಎ. ಅರ್ಥಶಾಸ್ತ್ರದ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೂರನೇ ಸೆಮಿಸ್ಟರ್ ಬಂತೆಂದರೆ ಇಬ್ಬಿಬ್ಬರಿಗೆ ಒಂದೊಂದು ಸಂಶೋಧನಾ ಪೇಪರ್ ಕೊಡುತ್ತೇವೆ. ಅವರು ಅದನ್ನು ಓದಿ ಅರ್ಧ ಗಂಟೆ ಮಂಡಿಸಬೇಕು, ಆಮೇಲೆ ಅಷ್ಟೇ ಹೊತ್ತು ಚರ್ಚೆ ನಡೆಸಬೇಕು. ಚರ್ಚೆಯ ಪ್ರಶ್ನೆಗಳನ್ನೂ ಅವರೇ ಬರೆದು, ಮೊದಲೇ ಜೆರಾಕ್ಸ್ ಮಾಡಿಸಿ ಕ್ಲಾಸಿಗೆ ಹಂಚಬೇಕು. ಸೆಮಿನಾರ್ ಚೆನ್ನಾಗಿ ನಡೆಯುತ್ತದೋ ಇಲ್ಲವೋ ಅನ್ನುವುದು ಪಿಪಿಟಿಯಲ್ಲಿ ಇಲ್ಲ, ಆ ಒಂದು ಹಾಳೆಯಲ್ಲಿ ಇದೆ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಈ ಸಲ ಒಂದು ಜೋಡಿಯ ಜೊತೆ ಕೂತು ಆ ಹಾಳೆ ತಯಾರಾದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಬ್ಬರೂ ಹುಡುಗಿಯರು. ಒಬ್ಬಳು ಖಾನಾಪುರ ಕಡೆಯವಳು, ಇನ್ನೊಬ್ಬಳು ಅಥಣಿ ಕಡೆಯವಳು. ಅವರು ಆರಿಸಿಕೊಂಡ ಪೇಪರ್ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಬರೆದ ‘ವಿಮೆನ್ ಆ್ಯಸ್ ಪಾಲಿಸಿ ಮೇಕರ್ಸ್’. 2004ರಲ್ಲಿ ‘ಇಕನಾಮೆಟ್ರಿಕಾ’ ಅನ್ನುವ ಸಂಶೋಧನಾ ಪತ್ರಿಕೆಯಲ್ಲಿ ಬಂದದ್ದು. ಪಂಚಾಯತಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದರೆ ಊರಿನ ಕೆಲಸಗಳಲ್ಲಿ ಏನಾದರೂ ವ್ಯತ್ಯಾಸ ಆಗುತ್ತದಾ ಅನ್ನುವುದು ಅದರ ಪ್ರಶ್ನೆ. ಪಶ್ಚಿಮ ಬಂಗಾಳದ ಬೀರಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳ ಒಟ್ಟು 265 ಪಂಚಾಯತಿಗಳಿಂದ ಮಾಹಿತಿ ತಂದಿದ್ದಾರೆ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿಯ ಪ್ರಕಾರ ಅಧ್ಯಕ್ಷ ಸ್ಥಾನಗಳಲ್ಲಿ ಮೂರನೇ ಒಂದು ಪಾಲು ಮಹಿಳೆಯರಿಗೆ ಹೋಗಬೇಕು. ಯಾವ ಪಂಚಾಯತಿಗೆ ಹೋಗಬೇಕು ಅನ್ನುವುದನ್ನು ಯಾರ ಇಷ್ಟಕ್ಕೂ ಬಿಡದೆ ಒಂದು ನಿಯಮದ ಪ್ರಕಾರ, ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ಹಂಚಿದ್ದರು. ಹಾಗಾಗಿ ಮೀಸಲಾದ ಪಂಚಾಯತಿ ಮತ್ತು ಮೀಸಲಾಗದ ಪಂಚಾಯತಿ ಮೊದಲಿಂದಲೂ ಸರಾಸರಿಯಲ್ಲಿ ಒಂದೇ ತರಹದವು. ಆಮೇಲೆ ಕಾಣುವ ವ್ಯತ್ಯಾಸ ಮೀಸಲಾತಿಯಿಂದ ಬಂದದ್ದು ಅಂತ ಹೇಳಬಹುದು. ಮಹಿಳಾ ಅಧ್ಯಕ್ಷರು ಊರಿನ ಹೆಂಗಸರು ಹೆಚ್ಚಾಗಿ ಕೇಳುವ ಕೆಲಸಗಳನ್ನು ಹೆಚ್ಚು ಮಾಡಿಸುತ್ತಾರೆ ಅನ್ನುವುದು ಲೇಖಕರ ವಾದ.

ಹುಡುಗಿಯರು ಮೊದಲು ತಂದ ಹಾಳೆಯಲ್ಲಿ ಹನ್ನೆರಡು ಪ್ರಶ್ನೆಗಳಿದ್ದವು. ಎಷ್ಟು ಪಂಚಾಯತಿಗಳನ್ನು ಅಧ್ಯಯನ ಮಾಡಿದ್ದಾರೆ? ಯಾವ ಜಿಲ್ಲೆಗಳು? 73ನೇ ತಿದ್ದುಪಡಿ ಎಂದರೇನು? ಮೀಸಲಾತಿಯನ್ನು ಹೇಗೆ ಹಂಚಲಾಯಿತು? ಬಂಗಾಳದಲ್ಲಿ ಕುಡಿಯುವ ನೀರಿನ ವಿಷಯದಲ್ಲಿ ಏನು ಕಂಡುಬಂತು? ಹೀಗೆ. ಕೊನೆಯಲ್ಲಿ ಒಂದು, ‘ಮಹಿಳಾ ಮೀಸಲಾತಿಯ ಬಗ್ಗೆ ನಿಮ್ಮ ಅಭಿಪ್ರಾಯವೇನು?’

ಹಾಳೆ ಮೇಜಿನ ಮೇಲಿಟ್ಟು ನಾನು ಕೇಳಿದ್ದು ಒಂದೇ. ‘ಪ್ರತಿ ಪ್ರಶ್ನೆಗೂ ಉತ್ತರ ಎಲ್ಲಿದೆ ಅಂತ ಪೇಪರಿನಲ್ಲಿ ಬೆರಳಿಟ್ಟು ತೋರಿಸ್ರಿ.’ ಅಥಣಿ ಹುಡುಗಿ ಪಟಪಟ ಅಂತ ತೋರಿಸಿದಳು. 265 ಅಬ್‌ಸ್ಟ್ರ್ಯಾಕ್ಟಿನಲ್ಲೇ ಇದೆ. ಜಿಲ್ಲೆ ಇಲ್ಲಿ. ಹಂಚಿಕೆಯ ನಿಯಮ ಈ ಪ್ಯಾರಾದಲ್ಲಿ. ನೀರಿನ ಅಂಕಿ ಈ ಟೇಬಲ್ಲಿನ ಈ ಸಾಲಿನಲ್ಲಿ. ಹನ್ನೊಂದು ಪ್ರಶ್ನೆಗೆ ಹನ್ನೊಂದು ಜಾಗ. ‘ಎಲ್ಲಾದಕ್ಕೂ ಉತ್ತರ ಸಿಕ್ತಲ್ರಿ ಮೇಡಂ, ಮತ್ತೇನ್ರಿ?’ ಅಂದಳು.

ಹೌದು, ಉತ್ತರ ಸಿಗುತ್ತದೆ. ಆದರೆ ಹಾಗೆ ಒಂದೇ ಜಾಗದಲ್ಲಿ ಬೆರಳಿಟ್ಟು ತೋರಿಸಬಹುದಾದ ಪ್ರಶ್ನೆ ನೆನಪಿನ ಪ್ರಶ್ನೆ. ಪೇಪರ್ ಓದಿದ್ದೀರೋ ಇಲ್ಲವೋ ಅಂತ ಅದರಿಂದ ತಿಳಿಯುತ್ತದೆ. ಒಬ್ಬರು ಉತ್ತರ ಹೇಳಿದರೆ ಅಲ್ಲಿಗೆ ಮುಗಿಯಿತು. ಎರಡನೆಯವರು ಬಾಯಿ ತೆರೆಯಲು ಏನೂ ಉಳಿಯುವುದಿಲ್ಲ. ಅರ್ಧ ಗಂಟೆಯ ಚರ್ಚೆ ಹತ್ತು ನಿಮಿಷಕ್ಕೆ ಮುಗಿದು ಎಲ್ಲರೂ ಗಡಿಯಾರ ನೋಡುವುದು ಇದೇ ಕಾರಣಕ್ಕೆ.

ವಿಶ್ಲೇಷಣೆಯ ಪ್ರಶ್ನೆಗೆ ಉತ್ತರ ಪೇಪರಿನಲ್ಲಿ ಒಂದೇ ಕಡೆ ಇರುವುದಿಲ್ಲ. ಅದಕ್ಕೆ ಬೇಕಾದ ಸಾಮಾನು ಎರಡು ಮೂರು ಕಡೆ ಬಿದ್ದಿರುತ್ತದೆ. ಅದನ್ನೆಲ್ಲ ತಂದು ಓದುವವರೇ ಉತ್ತರ ಕಟ್ಟಬೇಕು. ಕಟ್ಟುವಾಗ ತಪ್ಪಾಗಬಹುದು, ಮತ್ತು ತಪ್ಪಾಗಿದೆ ಅಂತ ಇನ್ನೊಬ್ಬರು ಪೇಪರನ್ನೇ ತೋರಿಸಿ ಹೇಳಬಹುದು. ಈ ಕೊನೆಯ ಮಾತು ಮುಖ್ಯ. ಪೇಪರ್ ತೋರಿಸಿ ತಪ್ಪು ಅಂತ ಹೇಳಲು ಆಗದಿದ್ದರೆ ಅದು ಬೇರೆಯೇ ತರಹದ ಪ್ರಶ್ನೆ, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮಾರನೆಯ ಸಲ ಬಂದಾಗ ಹಾಳೆ ಬದಲಾಗಿತ್ತು. ಅಭಿಪ್ರಾಯದ ಪ್ರಶ್ನೆ ಒಂದನ್ನು ಬಿಟ್ಟು ಉಳಿದ ಎಲ್ಲದರಲ್ಲೂ ‘ಯಾಕೆ’ ಬಂದಿತ್ತು. ಇದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಏನು, ಎಷ್ಟು, ಎಲ್ಲಿ ಅಂದರೆ ನೆನಪು. ಯಾಕೆ, ಹೇಗೆ ಅಂದರೆ ವಿಶ್ಲೇಷಣೆ ಅಂತ ಎಲ್ಲೋ ಕಲಿತಿರುತ್ತಾರೆ. ಬಿ.ಎಡ್. ಮಾಡಿದವರಂತೂ ಯಾವ ಬಗೆಯ ಪ್ರಶ್ನೆಗೆ ಯಾವ ಕ್ರಿಯಾಪದ ಅನ್ನುವ ಪಟ್ಟಿಯನ್ನೇ ಬಾಯಿಪಾಠ ಮಾಡಿರುತ್ತಾರೆ. ಆದರೆ ಪ್ರಶ್ನೆಯ ಜಾತಿ ಅದರಲ್ಲಿರುವ ಪ್ರಶ್ನೆಪದದಲ್ಲಿ ಇರುವುದಿಲ್ಲ.

ಅವರ ಹೊಸ ಪ್ರಶ್ನೆ ಒಂದನ್ನೇ ನೋಡಿ. ‘ಲೇಖಕರು ಮೀಸಲಾತಿ ಹಂಚಿಕೆಯನ್ನು ಯಾದೃಚ್ಛಿಕ ಎಂದು ಯಾಕೆ ಕರೆಯುತ್ತಾರೆ?’ ಕೇಳಲು ಭಾರವಾಗಿದೆ. ಆದರೆ ಲೇಖಕರು ಅದನ್ನು ನೇರವಾಗಿ ಬರೆದುಬಿಟ್ಟಿದ್ದಾರೆ. ಬೆರಳಿಟ್ಟರೆ ಮುಗಿಯಿತು. ‘ಯಾಕೆ’ ಇದ್ದರೂ ಇದು ನೆನಪಿನ ಪ್ರಶ್ನೆಯೇ. ಇನ್ನೊಂದು ಕಡೆ, ‘ಅಧ್ಯಕ್ಷೆಯ ಬದಲು ಆಕೆಯ ಗಂಡನೇ ಎಲ್ಲಾ ನಡೆಸುತ್ತಿದ್ದರೆ ಈ ಟೇಬಲ್ಲಿನಲ್ಲಿ ಏನು ಕಾಣಬೇಕಿತ್ತು?’ ಅಂತ ಕೇಳಿ. ಇದು ‘ಏನು’ ಪ್ರಶ್ನೆ. ಆದರೆ ಇದಕ್ಕೆ ಉತ್ತರ ಯಾವ ಸಾಲಿನಲ್ಲೂ ಇಲ್ಲ. ಟೇಬಲ್ ಯಾಕೆ ಹಾಗೆ ಕಟ್ಟಿದ್ದಾರೆ ಅಂತ ಅರ್ಥವಾಗಿದ್ದರೆ ಮಾತ್ರ ಹೇಳಬಹುದು.

ಅಭಿಪ್ರಾಯದ ಪ್ರಶ್ನೆಯನ್ನು ಹುಡುಗಿಯರು ಬಿಟ್ಟಿರಲಿಲ್ಲ. ಚರ್ಚೆ ಬಿಸಿಯಾಗುತ್ತದೆ ಅನ್ನುವುದು ಅವರ ವಾದ. ಬಿಸಿಯಾಗುವುದು ನಿಜ. ಆದರೆ ಪೇಪರ್ ಮುಚ್ಚಿಟ್ಟು ಉತ್ತರ ಹೇಳಬಹುದಾದ ಪ್ರಶ್ನೆ ಪೇಪರಿನ ಸೆಮಿನಾರಿಗೆ ಯಾಕೆ? ಮಹಿಳಾ ಮೀಸಲಾತಿ ಒಳ್ಳೆಯದಾ ಅಂತ ಕೇಳಿದರೆ, ಪೇಪರನ್ನು ಮುಟ್ಟದೇ ಇದ್ದ ಹುಡುಗನೂ ಐದು ನಿಮಿಷ ಮಾತಾಡುತ್ತಾನೆ. ರಾತ್ರಿಯಿಡೀ ಕೂತು ಓದಿದವಳು ಅವನ ಮಾತು ತಪ್ಪು ಅಂತ ತೋರಿಸಲು ಆಗುವುದಿಲ್ಲ. ಇದನ್ನು ಮಕ್ಕಳು ವಿಶ್ಲೇಷಣೆ ಅಂದುಕೊಳ್ಳುತ್ತಾರೆ. ನನಗೆ ಇದು ನೆನಪಿನ ಪ್ರಶ್ನೆಗಿಂತ ಜಾಸ್ತಿ ತೊಂದರೆಯದ್ದು ಅನ್ನಿಸುತ್ತದೆ. ನೆನಪಿನ ಪ್ರಶ್ನೆಗೆ ಕೊನೆಪಕ್ಷ ಪೇಪರ್ ತೆರೆಯಬೇಕು, ಅಲ್ವಾ.

ಹೀಗೆ ನಮ್ಮ ಕೈಯಲ್ಲಿ ಎರಡು ಪರೀಕ್ಷೆ ಉಳಿದವು. ಪೇಪರ್ ಮುಚ್ಚಿ ಉತ್ತರಿಸಬಹುದಾ? ಹಾಗಿದ್ದರೆ ಅದು ಅಭಿಪ್ರಾಯ. ಪೇಪರ್ ತೆರೆದು ಒಂದೇ ಸಾಲಿನ ಮೇಲೆ ಬೆರಳಿಡಬಹುದಾ? ಹಾಗಿದ್ದರೆ ಅದು ನೆನಪು. ಪೇಪರ್ ಬೇಕೇ ಬೇಕು, ಆದರೆ ಒಂದು ಬೆರಳು ಸಾಲುವುದಿಲ್ಲ ಅನ್ನುವಂಥದ್ದನ್ನು ಹುಡುಕಲು ಕೂತೆವು.

ಹುಡುಕಿದ್ದು ರಸ್ತೆಯ ಸಾಲಿನಲ್ಲಿ ಸಿಕ್ಕಿತು.

ಪೇಪರಿನಲ್ಲಿ ಹೂಡಿಕೆಯ ಟೇಬಲ್ ಒಂದಿದೆ. ಮೀಸಲಾದ ಪಂಚಾಯತಿಗಳಲ್ಲಿ ಎಷ್ಟು, ಮೀಸಲಾಗದವುಗಳಲ್ಲಿ ಎಷ್ಟು, ವ್ಯತ್ಯಾಸ ಎಷ್ಟು ಅಂತ ಮೂರು ಕಾಲಂ. ಬಂಗಾಳಕ್ಕೆ ಒಮ್ಮೆ, ರಾಜಸ್ಥಾನಕ್ಕೆ ಒಮ್ಮೆ. ಹೊಸದಾಗಿ ಕಟ್ಟಿದ ಅಥವಾ ದುರಸ್ತಿ ಮಾಡಿದ ಕುಡಿಯುವ ನೀರಿನ ಸೌಲಭ್ಯಗಳು ಬಂಗಾಳದ ಮೀಸಲಾದ ಕಡೆ ಸರಾಸರಿ 23.83, ಉಳಿದ ಕಡೆ 14.74. ರಾಜಸ್ಥಾನದಲ್ಲಿ 7.31 ಮತ್ತು 4.69. ನೀರು ಎರಡೂ ಕಡೆ ಜಾಸ್ತಿ. ಇನ್ನು ರಸ್ತೆ. ಒಳ್ಳೆಯ ಸ್ಥಿತಿಯಲ್ಲಿರುವ ರಸ್ತೆಗಳ ಪಾಲು ಬಂಗಾಳದ ಮೀಸಲಾದ ಕಡೆ 0.41, ಉಳಿದ ಕಡೆ 0.23. ಅಂದರೆ ಮಹಿಳೆ ಇದ್ದಲ್ಲಿ ರಸ್ತೆ ಚೆನ್ನಾಗಿದೆ. ರಾಜಸ್ಥಾನದಲ್ಲಿ ಮೀಸಲಾದ ಕಡೆ 0.90, ಉಳಿದ ಕಡೆ 0.98. ಅಂದರೆ ಮಹಿಳೆ ಇದ್ದಲ್ಲಿ ರಸ್ತೆ ಸ್ವಲ್ಪ ಕಡಿಮೆ.

ಖಾನಾಪುರದ ಹುಡುಗಿ ಇಲ್ಲಿಗೆ ಬಂದು ನಿಂತಳು. ‘ಇದು ಹೆಂಗ್ರಿ? ಒಂದ್ ಕಡೆ ಮ್ಯಾಲ, ಒಂದ್ ಕಡೆ ಕೆಳಗ. ಪೇಪರ್ ಮಾತ್ರ ಎರಡೂ ಕಡೆ ಒಂದೇ ಕಾರಣ ಅಂತದ.’ ಅವಳು ಗೊಂದಲದಿಂದ ಹೇಳಿದ ಆ ಮಾತೇ ನಮ್ಮ ಮೊದಲ ಒಳ್ಳೆಯ ಪ್ರಶ್ನೆ ಆಯಿತು. ನಾನು ಅದನ್ನು ಹಾಗೇ ಬರೆದುಕೊಳ್ಳಲು ಹೇಳಿದೆ. ‘ರಸ್ತೆಯ ಫಲಿತಾಂಶ ಎರಡು ರಾಜ್ಯಗಳಲ್ಲಿ ವಿರುದ್ಧ ದಿಕ್ಕಿಗಿದೆ. ಇದು ಲೇಖಕರ ವಾದವನ್ನು ಬಲಪಡಿಸುತ್ತದೆಯೋ, ಸಡಿಲ ಮಾಡುತ್ತದೆಯೋ?’

ಉತ್ತರ ಕಟ್ಟಲು ಇನ್ನೊಂದು ಟೇಬಲ್ ಬೇಕು. ಊರವರು ಹಿಂದಿನ ಆರು ತಿಂಗಳಲ್ಲಿ ಅಧ್ಯಕ್ಷರ ಬಳಿ ತಂದ ಅಹವಾಲುಗಳನ್ನು ಹೆಂಗಸರದ್ದು, ಗಂಡಸರದ್ದು ಅಂತ ಬೇರೆ ಮಾಡಿ ಲೇಖಕರು ಕೊಟ್ಟಿದ್ದಾರೆ. ಬಂಗಾಳದಲ್ಲಿ ನೀರು ಮತ್ತು ರಸ್ತೆ ಎರಡರ ಬಗ್ಗೆಯೂ ಗಂಡಸರಿಗಿಂತ ಹೆಂಗಸರ ದೂರು ಜಾಸ್ತಿ. ರಾಜಸ್ಥಾನದಲ್ಲಿ ನೀರಿನ ಬಗ್ಗೆ ಹೆಂಗಸರ ದೂರು ಜಾಸ್ತಿ, ರಸ್ತೆಯ ಬಗ್ಗೆ ಕಡಿಮೆ. ಅಲ್ಲಿ ಕೆಲಸ ಹುಡುಕಿಕೊಂಡು ಊರು ಬಿಟ್ಟು ಓಡಾಡುವವರು ಹೆಚ್ಚಾಗಿ ಗಂಡಸರು, ರಸ್ತೆ ಬೇಕಾದದ್ದು ಅವರಿಗೆ. ಈಗ ಎರಡೂ ಟೇಬಲ್ ಪಕ್ಕಪಕ್ಕ ಇಟ್ಟರೆ, ಹೆಂಗಸರ ದೂರು ಎಲ್ಲಿ ಜಾಸ್ತಿಯೋ ಅಲ್ಲಿ ಕೆಲಸ ಜಾಸ್ತಿ, ಎಲ್ಲಿ ಕಡಿಮೆಯೋ ಅಲ್ಲಿ ಕೆಲಸ ಕಡಿಮೆ. ದಿಕ್ಕು ತಿರುಗಿದ ಜಾಗದಲ್ಲಿ ಎರಡೂ ಒಟ್ಟಿಗೆ ತಿರುಗಿವೆ.

ಇಲ್ಲಿಗೆ ಸುಮ್ನೆ ನಿಲ್ಲಿಸಬಹುದಿತ್ತು. ಆದರೆ ವಿಶ್ಲೇಷಣೆಯ ಪ್ರಶ್ನೆಗೆ ಒಂದು ಎದುರಾಳಿ ವಿವರಣೆ ಬೇಕು, ಇಲ್ಲದಿದ್ದರೆ ಅದು ಲೇಖಕರನ್ನು ಹೊಗಳಿ ಮುಗಿಯುತ್ತದೆ. ಎದುರಾಳಿಯನ್ನು ಅಥಣಿ ಹುಡುಗಿ ಕೊಟ್ಟಳು. ‘ಹೆಂಗಸರು ಜಾಸ್ತಿ ಕೆಲಸ ಮಾಡ್ತಾರ್ರಿ, ರೊಕ್ಕ ತಿನ್ನಂಗಿಲ್ಲ, ಅದಕ್ಕ ಎಲ್ಲಾ ಛಲೋ ಆಗೇತಿ ಅಂದ್ರ?’ ಒಳ್ಳೆಯ ವಿವರಣೆ. ಬರೀ ಬಂಗಾಳದ ನೀರು ಮತ್ತು ರಸ್ತೆ ನೋಡಿದರೆ ಅದನ್ನು ಅಲ್ಲಗಳೆಯಲು ಆಗುವುದಿಲ್ಲ, ಎರಡೂ ಹೆಚ್ಚಾಗಿವೆ. ಆದರೆ ಅವಳ ಮಾತು ನಿಜವಾಗಿದ್ದರೆ ಎಲ್ಲಾ ಕಡೆ, ಎಲ್ಲಾ ಕೆಲಸವೂ ಹೆಚ್ಚಾಗಬೇಕಿತ್ತು. ರಾಜಸ್ಥಾನದ ರಸ್ತೆ ಕಡಿಮೆಯಾಗಿದೆ. ಬಂಗಾಳದಲ್ಲೂ ಅನೌಪಚಾರಿಕ ಶಿಕ್ಷಣ ಕೇಂದ್ರಗಳು ಮೀಸಲಾದ ಕಡೆ ಕಡಿಮೆ, 0.12ರ ಬದಲು 0.06. ಅಂದರೆ ಮಹಿಳೆಯರು ಎಲ್ಲವನ್ನೂ ಜಾಸ್ತಿ ಮಾಡಲಿಲ್ಲ. ಕೆಲವನ್ನು ಜಾಸ್ತಿ ಮಾಡಿದರು, ಕೆಲವನ್ನು ಬಿಟ್ಟರು. ಆಯ್ಕೆ ಬದಲಾಗಿದೆ. ಮೊದಲು ಪೇಪರಿನ ದೋಷದ ಹಾಗೆ ಕಂಡ ರಾಜಸ್ಥಾನದ ಸಾಲೇ ಪೇಪರಿನ ಗಟ್ಟಿ ಸಾಕ್ಷಿ. ಇದು ಹೊಳೆದಾಗ ಇಬ್ಬರ ಮುಖ ನೋಡಬೇಕಿತ್ತು.

ಆದರೂ ನಾನು ಬಿಡಲಿಲ್ಲ. ಎರಡು ಕೊಕ್ಕೆ ಹಾಕಿದೆ. ಒಂದು, ರಾಜಸ್ಥಾನದ ರಸ್ತೆಗಳು ಮೊದಲೇ ನೂರಕ್ಕೆ 98 ಚೆನ್ನಾಗಿವೆ. ಮೇಲೆ ಹೋಗಲು ಜಾಗವೇ ಇಲ್ಲ. ಹಾಗಾದರೆ ಈ ಇಳಿಕೆಗೆ ಅರ್ಥ ಇದೆಯಾ? ಅವರು ಸ್ವಲ್ಪ ಹೊತ್ತು ಜಗಳಾಡಿ ಒಂದು ಕಡೆ ಬಂದರು. ಜಾಗ ಇಲ್ಲ ಅನ್ನುವುದು ಯಾಕೆ ಮೇಲೆ ಹೋಗಲಿಲ್ಲ ಅನ್ನುವುದನ್ನು ಹೇಳುತ್ತದೆ, ಯಾಕೆ ಕೆಳಗೆ ಬಂತು ಅನ್ನುವುದನ್ನು ಹೇಳುವುದಿಲ್ಲ. ಮೀಸಲಾತಿ ನಿಯಮದ ಪ್ರಕಾರ ಹಂಚಿಕೆಯಾಗಿರುವುದರಿಂದ ಆ ಪಂಚಾಯತಿಗಳೂ 98ರ ಆಸುಪಾಸಿನಲ್ಲೇ ಇರಬೇಕಿತ್ತು. ಎರಡನೆಯ ಕೊಕ್ಕೆ ಸ್ಟ್ಯಾಂಡರ್ಡ್ ಎರರ್, ಅಂದರೆ ಒಂದು ಅಂದಾಜು ಬರೀ ಆಕಸ್ಮಿಕವಾಗಿ ಎಷ್ಟು ಅತ್ತಿತ್ತ ಆಗಬಹುದು ಅನ್ನುವ ಅಳತೆ. ಬಂಗಾಳದ ರಸ್ತೆಯ ವ್ಯತ್ಯಾಸ 0.18, ಅದರ ಎರರ್ 0.06, ಅಂದರೆ ಮೂರು ಪಟ್ಟು. ರಾಜಸ್ಥಾನದ್ದು 0.08, ಎರರ್ 0.04, ಬರೀ ಎರಡು ಪಟ್ಟು. ಅಂಚಿನಲ್ಲಿ ನಿಂತಿದೆ. ಹಾಗಾಗಿ ಈ ಒಂದು ಸಾಲಿನ ಮೇಲೆ ಪೂರ್ತಿ ಭಾರ ಹಾಕಬಾರದು. ಲೇಖಕರೂ ಹಾಕಿಲ್ಲ, ಎಲ್ಲಾ ಸೌಲಭ್ಯಗಳನ್ನು ಒಟ್ಟಿಗೆ ತೆಗೆದುಕೊಂಡು, ಹೆಂಗಸರ ಮತ್ತು ಗಂಡಸರ ದೂರಿನ ಅಂತರಕ್ಕೂ ಹೂಡಿಕೆಯ ಅಂತರಕ್ಕೂ ಸಂಬಂಧ ಇದೆಯಾ ಅಂತ ಪ್ರತ್ಯೇಕವಾಗಿ ನೋಡಿದ್ದಾರೆ.

ಇಷ್ಟು ಮಾಡುವಷ್ಟರಲ್ಲಿ ಒಂದು ವಿಷಯ ಹುಡುಗಿಯರಿಗೇ ಗೊತ್ತಾಯಿತು. ಅವರು ಮೊದಲು ಬರೆದ ನೆನಪಿನ ಪ್ರಶ್ನೆಗಳು ವ್ಯರ್ಥವಲ್ಲ. ಹಂಚಿಕೆಯ ನಿಯಮ ಗೊತ್ತಿಲ್ಲದೆ ‘98ರ ಆಸುಪಾಸಿನಲ್ಲೇ ಇರಬೇಕಿತ್ತು’ ಅನ್ನಲು ಆಗುವುದಿಲ್ಲ. ಹೂಡಿಕೆಯ ಟೇಬಲ್ಲಿನ ಅಂಕಿ ಬಾಯಿಗೆ ಬರದೆ ಎದುರಾಳಿಗೆ ಉತ್ತರ ಕೊಡಲು ಆಗುವುದಿಲ್ಲ. ಹಾಗಾಗಿ ಪ್ರತಿ ವಿಶ್ಲೇಷಣೆಯ ಪ್ರಶ್ನೆಯ ಕೆಳಗೆ, ಅದಕ್ಕೆ ಬೇಕಾಗುವ ನೆನಪಿನ ಪ್ರಶ್ನೆಗಳನ್ನು ಸಣ್ಣ ಅಕ್ಷರದಲ್ಲಿ ಬರೆಯಲು ಹೇಳಿದೆ. ರಸ್ತೆಯ ಪ್ರಶ್ನೆಯ ಕೆಳಗೆ ಮೂರು ಬಂದವು: ಸ್ಥಾನಗಳನ್ನು ಹೇಗೆ ಹಂಚಿದರು, ಯಾವ ರಾಜ್ಯದಲ್ಲಿ ಯಾರು ಯಾವುದರ ಬಗ್ಗೆ ದೂರು ತಂದರು, ರಸ್ತೆಯ ನಾಲ್ಕು ಅಂಕಿಗಳು ಯಾವುವು. ಯಾವ ನೆನಪಿನ ಪ್ರಶ್ನೆ ಯಾವ ವಿಶ್ಲೇಷಣೆಗೂ ಬೇಕಾಗಲಿಲ್ಲವೋ ಅದನ್ನು ಹೊಡೆದು ಹಾಕಿದೆವು. ‘73ನೇ ತಿದ್ದುಪಡಿ ಎಂದರೇನು’ ಅನ್ನುವುದು ಹಾಗೇ ಹೋಯಿತು. ಪರೀಕ್ಷೆಗೆ ಬೇಕು, ಈ ಹಾಳೆಗೆ ಬೇಡ.

ಎರಡನೇ ಪ್ರಶ್ನೆ ಬೇಗ ಸಿಕ್ಕಿತು. ಬಂಗಾಳದಲ್ಲಿ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದಾಗ ಗ್ರಾಮದ ಸಭೆಗೆ ಬಂದವರಲ್ಲಿ ಹೆಂಗಸರ ಪಾಲು ಶೇಕಡಾ 6.9ರಿಂದ 9.9ಕ್ಕೆ ಏರಿತು. ಓದಿದವರೆಲ್ಲ ಸರಪಳಿ ಕಟ್ಟಿಬಿಡುತ್ತಾರೆ: ಹೆಂಗಸರು ಸಭೆಗೆ ಬಂದರು, ನೀರು ಕೇಳಿದರು, ನೀರು ಬಂತು. ಆದರೆ ರಾಜಸ್ಥಾನದಲ್ಲಿ ಸಭೆಗೆ ಬರುವ ಹೆಂಗಸರ ಪಾಲು ಹೆಚ್ಚಾಗಲಿಲ್ಲ. ನೀರು ಮಾತ್ರ ಹೆಚ್ಚಾಯಿತು. ಹಾಗಾದರೆ ‘ಸಭೆಗೆ ಬಂದಿದ್ದರಿಂದಲೇ ನೀರು ಬಂತು ಎಂದು ಹೇಳಬಹುದೇ?’ ಸಭೆ ಒಂದೇ ದಾರಿಯಾಗಿರಲು ಸಾಧ್ಯವಿಲ್ಲ ಅನ್ನುವಷ್ಟು ಪೇಪರಿನಿಂದ ಹೇಳಬಹುದು. ಬಂಗಾಳದಲ್ಲಿ ಸಭೆಯ ಪಾತ್ರ ಏನೂ ಇಲ್ಲ ಅಂತ ಹೇಳಲು ಆಗುವುದಿಲ್ಲ. ಉತ್ತರ ಎಲ್ಲಿಯವರೆಗೆ ಹೋಗಿ ನಿಲ್ಲಬೇಕು ಅನ್ನುವುದನ್ನೂ ಹಾಳೆಯ ಹಿಂದೆ ತಮಗಾಗಿ ಬರೆದುಕೊಂಡರು. ಇದನ್ನು ಎಲ್ಲರಿಗೂ ಹೇಳುತ್ತೇನೆ. ಪ್ರಶ್ನೆ ಹಂಚುವ ಮೊದಲು ಅದರ ಉತ್ತರವನ್ನು ಐದಾರು ವಾಕ್ಯದಲ್ಲಿ ನೀವೇ ಬರೆದು ನೋಡಿ. ಒಂದೇ ವಾಕ್ಯದಲ್ಲಿ ಮುಗಿದರೆ ಪ್ರಶ್ನೆ ನೆನಪಿನದು. ಬರೆಯುವಾಗ ಪೇಪರಿನ ಯಾವ ಟೇಬಲ್ಲೂ ಬೇಕಾಗದಿದ್ದರೆ ಅಭಿಪ್ರಾಯದ್ದು.

ಗಂಡನ ಪ್ರಶ್ನೆಯನ್ನು ಬಿಡುವ ಹಾಗೇ ಇರಲಿಲ್ಲ. ನಮ್ಮ ಕಡೆ ಯಾವ ಊರಿಗೆ ಹೋದರೂ ಆ ಮಾತು ಬರುತ್ತದೆ, ಅಧ್ಯಕ್ಷರು ಆಕೆ, ಆಡಳಿತ ಆತನದು ಅಂತ. ಹಾಗೇ ಬಿಟ್ಟರೆ ಕ್ಲಾಸಿನಲ್ಲಿ ಊರ ಕತೆಗಳು ಶುರುವಾಗುತ್ತವೆ. ಅದಕ್ಕೇ ‘ಗಂಡನೇ ನಡೆಸುತ್ತಿದ್ದರೆ ಟೇಬಲ್ಲಿನಲ್ಲಿ ಏನು ಕಾಣಬೇಕಿತ್ತು’ ಅಂತ ಬರೆದೆವು. ಎಲ್ಲಾ ಕಡೆ ಗಂಡನೇ ನಡೆಸುತ್ತಿದ್ದರೆ ಎರಡೂ ಬಗೆಯ ಪಂಚಾಯತಿಗಳಲ್ಲಿ ತೀರ್ಮಾನ ಮಾಡುವವರು ಗಂಡಸರೇ. ವ್ಯತ್ಯಾಸದ ಕಾಲಂ ಸೊನ್ನೆಯ ಹತ್ತಿರ ಇರಬೇಕು. ಇಲ್ಲ. ಆದರೆ ಇದರಿಂದ ಗಂಡಂದಿರ ಕೈವಾಡ ಎಲ್ಲೂ ಇಲ್ಲ ಅಂತ ಸಾಬೀತಾಗುವುದಿಲ್ಲ. ಟೇಬಲ್ ತೋರಿಸುವುದು ಸರಾಸರಿ. ಕೆಲವು ಕಡೆ ಗಂಡನೇ ನಡೆಸಿ, ಉಳಿದ ಕಡೆ ಆಕೆಯೇ ನಡೆಸಿದರೂ ಸರಾಸರಿಯಲ್ಲಿ ವ್ಯತ್ಯಾಸ ಬರುತ್ತದೆ. ಹಾಗಿದ್ದರೆ ಆಕೆಯೇ ನಡೆಸಿದ ಕಡೆಯ ವ್ಯತ್ಯಾಸ ಟೇಬಲ್ಲಿನಲ್ಲಿ ಇರುವುದಕ್ಕಿಂತ ದೊಡ್ಡದಿರಬೇಕು. ಈ ಕೊನೆಯ ಮಾತನ್ನು ಖಾನಾಪುರದ ಹುಡುಗಿ ತಾನಾಗಿಯೇ ಹೇಳಿದಳು. ನನಗೆ ತುಂಬಾ ಖುಷಿಯಾಯಿತು.

ಕೊನೆಯದು ನಮ್ಮ ಜಿಲ್ಲೆಯ ಪ್ರಶ್ನೆ. ಪ್ರತಿ ಜೋಡಿಯೂ ‘ಇದು ಕರ್ನಾಟಕಕ್ಕೆ ಅನ್ವಯಿಸುತ್ತದೆಯೇ?’ ಅಂತ ಒಂದು ಬರೆಯುತ್ತದೆ. ಉತ್ತರ ‘ಹೌದು, ಆದರೆ ಎಚ್ಚರಿಕೆಯಿಂದ’ ಅಂತ ಬರುತ್ತದೆ. ಅದರಿಂದ ಏನೂ ತಿಳಿಯುವುದಿಲ್ಲ. ನಾನು ಕೇಳಿದೆ, ಈ ಅಧ್ಯಯನವನ್ನೇ ಬೆಳಗಾವಿ ಜಿಲ್ಲೆಯಲ್ಲಿ ಮಾಡುವುದಾದರೆ ಮೊದಲು ಏನು ಗೊತ್ತಿರಬೇಕು? ಅಥಣಿಯವಳು ತಕ್ಷಣ ಹೇಳಿದಳು, ‘ನಮ್ಮ ಕಡೆ ಬ್ಯಾಸಗ್ಯಾಗ ಹೆಂಗಸರದು ಒಂದೇ ಮಾತ್ರಿ, ನೀರು.’ ಖಾನಾಪುರದವಳು, ‘ನಮ್ಮಲ್ಲಿ ಮಳಿಗಾಲದಾಗ ರಸ್ತಾ ಹೋತಂದ್ರ ಬಸುರಿ ಹೆಂಗಸನ್ನ ದವಾಖಾನಿಗೆ ಒಯ್ಯಾಕ ಆಗಂಗಿಲ್ರಿ. ನಮ್ಮವ್ವಂದಿರು ರಸ್ತಾನ ಮೊದಲು ಕೇಳ್ತಾರು’ ಅಂದಳು. ಒಂದೇ ಜಿಲ್ಲೆ. ಒಂದು ಕಡೆ ಕಾಡು, ಜೋರು ಮಳೆ. ಇನ್ನೊಂದು ಕಡೆ ಒಣ ಬಯಲು. ಅವರಿಬ್ಬರ ಮಾತು ನಿಜವಾಗಿದ್ದರೆ ಪೇಪರಿನ ವಾದ ಒಂದು ಸ್ಪಷ್ಟ ಊಹೆ ಕೊಡುತ್ತದೆ. ಖಾನಾಪುರದ ಅಧ್ಯಕ್ಷೆಯರು ರಸ್ತೆಯನ್ನು ಹೆಚ್ಚಿಸಬೇಕು, ಅಥಣಿಯವರು ನೀರನ್ನು. ಎರಡೂ ಕಡೆ ಒಂದೇ ತರಹ ಬಂದರೆ ವಾದಕ್ಕೆ ಪೆಟ್ಟು. ಆದರೆ ಹೋಲಿಸುವ ಮೊದಲು ದೂರುಗಳನ್ನು ಹೆಂಗಸರದ್ದು, ಗಂಡಸರದ್ದು ಅಂತ ಬೇರೆ ಮಾಡಿ ಎಣಿಸಬೇಕು. ಹೆಂಗಸರು ರಸ್ತೆ ಕೇಳುತ್ತಾರೆ ಅಂದರೆ ಸಾಲದು. ಗಂಡಸರು ಅಷ್ಟೇ ಕೇಳುತ್ತಿದ್ದರೆ ಅಧ್ಯಕ್ಷರು ಬದಲಾದರೂ ರಸ್ತೆಯಲ್ಲಿ ವ್ಯತ್ಯಾಸ ಕಾಣುವುದಿಲ್ಲ.

ಇನ್ನೂ ಎರಡು ವಿಷಯ ಸೇರಿಸಿದೆವು. ಕರ್ನಾಟಕದಲ್ಲಿ 2010ರ ತಿದ್ದುಪಡಿಯಿಂದ ಮಹಿಳಾ ಮೀಸಲಾತಿ ಅರ್ಧದಷ್ಟಿದೆ. ಅಧ್ಯಕ್ಷ ಸ್ಥಾನ ಯಾವ ಪಂಚಾಯತಿಗೆ ಯಾವ ನಿಯಮದಿಂದ ಬಂತು ಅಂತ ನೋಡದೆ ಹೋಲಿಕೆ ಶುರು ಮಾಡಬಾರದು. ಮತ್ತೆ, ಅಧ್ಯಕ್ಷರ ಕೈಯಲ್ಲಿ ಎಷ್ಟು ತೀರ್ಮಾನ ಇದೆ, ಪಿಡಿಒ ಮತ್ತು ಮೇಲಿನಿಂದ ಬರುವ ಯೋಜನೆಗಳ ಕೈಯಲ್ಲಿ ಎಷ್ಟಿದೆ? ನೀರಿನ ಹಣವೆಲ್ಲ ಮೇಲಿನ ಯೋಜನೆಯಿಂದಲೇ ನಿರ್ಧಾರವಾಗಿ ಬಂದರೆ ಅಧ್ಯಕ್ಷರು ಯಾರಾದರೂ ನೀರಿನ ಸಾಲಿನಲ್ಲಿ ವ್ಯತ್ಯಾಸ ಕಾಣದೇ ಹೋಗಬಹುದು. ಆಗ ಮಹಿಳೆಯರ ಆಯ್ಕೆ ಗಂಡಸರ ಆಯ್ಕೆಗಿಂತ ಬೇರೆಯಲ್ಲ ಅಂತ ತೀರ್ಮಾನಿಸಿದರೆ ತಪ್ಪಾಗುತ್ತದೆ.

ಕೊನೆಗೆ ಹಂಚಿದ ಹಾಳೆಯಲ್ಲಿ ಇದ್ದದ್ದು ನಾಲ್ಕೇ ದೊಡ್ಡ ಪ್ರಶ್ನೆ. ಪ್ರತಿಯೊಂದರ ಕೆಳಗೆ ಅದರ ಸಣ್ಣ ನೆನಪಿನ ಪ್ರಶ್ನೆಗಳು, ಯಾವ ಟೇಬಲ್ ನೋಡಬೇಕು ಅನ್ನುವ ಸೂಚನೆ. ಸಣ್ಣವನ್ನು ಎಲ್ಲರೂ ಮನೆಯಲ್ಲೇ ಬರೆದು ತರಬೇಕು, ಕ್ಲಾಸಿನಲ್ಲಿ ಅವಕ್ಕೆ ಹೊತ್ತು ಕೊಡುವುದಿಲ್ಲ ಅಂತ ಮೇಲೆ ಬರೆದಿದ್ದರು.

ಸೆಮಿನಾರಿನ ದಿನ ರಸ್ತೆಯ ಪ್ರಶ್ನೆ ಅರ್ಧ ಹೊತ್ತು ತಿಂದಿತು. ಹಿಂದಿನ ಬೆಂಚಿನ ಹುಡುಗನೊಬ್ಬ, ರಾಜಸ್ಥಾನದಲ್ಲಿ ಸರಪಂಚ ಅಂತ ಕರೆಯುವ ಪಂಚಾಯತಿ ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ, ಬಂಗಾಳದಲ್ಲಿ ಪ್ರಧಾನ ಅಂತ ಕರೆಯುವ ಅಧ್ಯಕ್ಷರನ್ನು ಪಂಚಾಯತಿ ಸದಸ್ಯರು ಆರಿಸುತ್ತಾರೆ, ದಿಕ್ಕು ತಿರುಗಿದ್ದು ಅದರಿಂದ ಇರಬಹುದಲ್ವಾ ಅಂದ. ಹುಡುಗಿಯರು ಇದನ್ನು ಯೋಚಿಸಿರಲಿಲ್ಲ, ನಾನೂ ಹಾಳೆಗೆ ಸೇರಿಸಿರಲಿಲ್ಲ. ಆದರೆ ಉತ್ತರ ಕೊಡುವ ರೀತಿ ಅವರಿಗೆ ಗೊತ್ತಿತ್ತು. ಅಥಣಿಯವಳು ಬೋರ್ಡಿನ ಮೇಲೆ ಬರೆದಳು: ಚುನಾವಣೆಯ ರೀತಿಯೇ ಕಾರಣವಾಗಿದ್ದರೆ ನೀರಿನಲ್ಲೂ ದಿಕ್ಕು ತಿರುಗಬೇಕಿತ್ತು, ತಿರುಗಿಲ್ಲ. ಹುಡುಗ ಬಿಡಲಿಲ್ಲ. ನೀರು ಎಲ್ಲರಿಗೂ ಬೇಕಾದದ್ದು, ನೇರವಾಗಿ ಆರಿಸಿಬಂದವರೂ ಅದನ್ನು ಬಿಡುವ ಹಾಗಿಲ್ಲ, ರಸ್ತೆ ಹಾಗಲ್ಲ ಅಂದ. ಎರಡೇ ರಾಜ್ಯ, ಎರಡೇ ಜಿಲ್ಲೆ ಇರುವಾಗ ಇದನ್ನು ಪೂರ್ತಿ ತಳ್ಳಿಹಾಕಲು ಆಗುವುದಿಲ್ಲ ಅಂತ ಇಬ್ಬರೂ ಒಪ್ಪಿಕೊಂಡರು. ರಾಜ್ಯಗಳ ನಡುವೆ ಬೇರೆಯಾಗಿರುವುದು ಹೆಂಗಸರ ದೂರು ಒಂದೇ ಅಲ್ಲವಲ್ಲ.

ಗಂಡನ ಪ್ರಶ್ನೆ ಮಾತ್ರ ನಾವು ಅಂದುಕೊಂಡ ಹಾಗೆ ನಡೆಯಲಿಲ್ಲ. ಎಷ್ಟೇ ಟೇಬಲ್ ಅಂದರೂ ಮಕ್ಕಳು ತಮ್ಮ ಊರಿನ ಅಧ್ಯಕ್ಷೆಯ ಕತೆಗೇ ಇಳಿದರು. ಅವರ ಕತೆಗಳು ಸುಳ್ಳಲ್ಲ, ಆದರೆ ಒಂದು ಊರಿನ ಕತೆಯಿಂದ ಸರಾಸರಿಯ ಬಗ್ಗೆ ಏನೂ ಹೇಳಲು ಆಗುವುದಿಲ್ಲ. ಮುಂದಿನ ವರ್ಷ ಇದೇ ಪೇಪರ್ ಯಾರಾದರೂ ತೆಗೆದುಕೊಂಡರೆ ಆ ಪ್ರಶ್ನೆಯನ್ನು ಹೀಗೆ ಬರೆಯಬೇಕು ಅಂತ ಮೂವರೂ ಕೂತು ತಿದ್ದಿಟ್ಟಿದ್ದೇವೆ: ‘ನೂರು ಮೀಸಲು ಪಂಚಾಯತಿಗಳಲ್ಲಿ ಐವತ್ತರಲ್ಲಿ ಗಂಡನೇ ಎಲ್ಲವನ್ನೂ ನಡೆಸುತ್ತಾನೆ ಎಂದುಕೊಳ್ಳಿ. ಬಂಗಾಳದ ನೀರಿನ ವ್ಯತ್ಯಾಸ 9.09 ಹಾಗೇ ಬರಬೇಕಾದರೆ, ಆಕೆಯೇ ನಡೆಸುವ ಉಳಿದ ಐವತ್ತರಲ್ಲಿ ವ್ಯತ್ಯಾಸ ಎಷ್ಟಿರಬೇಕು? ಆ ಅಂಕಿ ನಂಬುವ ಹಾಗಿದೆಯೇ? ಪೇಪರಿನ ಯಾವ ಮಾಹಿತಿಯಿಂದ ಹಾಗೆ ಹೇಳುತ್ತೀರಿ?’